ಫ್ರೆಂಚ್ ಪ್ರೆಸ್‌ನಲ್ಲಿ ಗಸಿ ಇಲ್ಲದ ಕಾಫಿ: ಒತ್ತುವುದು ಕಡಿಮೆ, ಕಾಯುವುದು ಜಾಸ್ತಿ

ಮುಂಬಯಿಯ ಕನ್ನಡದ ಮನೆಗಳಲ್ಲಿ ಈಗ ಸ್ಟೀಲ್ ಫಿಲ್ಟರ್ ಪಕ್ಕದಲ್ಲಿ ಒಂದು ಫ್ರೆಂಚ್ ಪ್ರೆಸ್ ಕೂಡ ಕಾಣಿಸುತ್ತದೆ. ಯಾರೋ ಉಡುಗೊರೆ ಕೊಟ್ಟಿರುತ್ತಾರೆ, ಇಲ್ಲವೇ ಮಕ್ಕಳು ಆನ್‌ಲೈನ್‌ನಲ್ಲಿ ತರಿಸಿರುತ್ತಾರೆ. ನಾಲ್ಕು ದಿನ ಬಳಸಿ ಅಟ್ಟಕ್ಕೆ ಹಾಕಿದವರನ್ನು ಕೇಳಿದರೆ ದೂರು ಹೆಚ್ಚುಕಡಿಮೆ ಒಂದೇ: ಮೊದಲ ಗುಟುಕು ಪರವಾಗಿಲ್ಲ, ಕಪ್ಪಿನ ತಳಕ್ಕೆ ಬರುವಷ್ಟರಲ್ಲಿ ಬಾಯಿತುಂಬ ಪುಡಿ.

ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಬರೆದಿರುವುದು ಹೀಗೆ: ಪುಡಿ ಹಾಕಿ, ಬಿಸಿನೀರು ಸುರಿದು, 4 ನಿಮಿಷ ಬಿಟ್ಟು, ಜಾಲರಿ ಕಟ್ಟಿದ ಕಡ್ಡಿಯನ್ನು, ಅಂದರೆ ಪ್ಲಂಜರನ್ನು, ತಳದವರೆಗೆ ಒತ್ತಿ, ಬಗ್ಗಿಸಿಕೊಳ್ಳಿ. ಗಸಿಯ ಮೂಲ ಇರುವುದು ಈ ಸಾಲಿನಲ್ಲೇ. 4 ನಿಮಿಷ ಸಾಲದು, ತಳದವರೆಗೆ ಒತ್ತುವ ಅಗತ್ಯವೂ ಇಲ್ಲ. ಅದೇ ಪಾತ್ರೆ, ಅದೇ ಜಾಲರಿ ಇಟ್ಟುಕೊಂಡು ಸುಮಾರು 10 ನಿಮಿಷ ಕಾದು, ಒತ್ತದೆ ಬಗ್ಗಿಸಿದರೆ ಕಪ್ಪಿಗೆ ಕಾಫಿ ಎಷ್ಟೋ ತಿಳಿಯಾಗಿ ಬರುತ್ತದೆ. ಅಷ್ಟು ಹೊತ್ತು ಬಿಟ್ಟರೆ ಕಹಿಯಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಆಮೇಲೆ ಬರೋಣ, ಮೊದಲು ಗಸಿಯ ವಿಷಯ.

ಗಸಿ ಬರುವುದು ಎಲ್ಲಿಂದ

ಹುರಿದ ಕಾಫಿ ಬೀಜ ಗಟ್ಟಿ, ಆದರೆ ಪೆಟ್ಟು ಬಿದ್ದರೆ ಪುಡಿಪುಡಿ. ಎಷ್ಟೇ ಒಳ್ಳೆಯ ಗ್ರೈಂಡರ್‌ನಲ್ಲಿ ಬೀಸಿದರೂ ಅದು ಒಂದೇ ಗಾತ್ರದ ತರಿಯಾಗಿ ಒಡೆಯುವುದಿಲ್ಲ. ತರಿಯ ಜೊತೆಗೆ ಒಂದಿಷ್ಟು ಹಿಟ್ಟಿನಂಥ ಧೂಳು ಬಂದೇ ಬರುತ್ತದೆ. ಕಪ್ಪಗೆ ಹುರಿದ ಬೀಜದಲ್ಲಿ ಇನ್ನೂ ಜಾಸ್ತಿ. ಪ್ರೆಸ್‌ನ ಲೋಹದ ಜಾಲರಿ ತರಿಯನ್ನು ತಡೆಯುತ್ತದೆ, ಧೂಳನ್ನು ತಡೆಯುವುದಿಲ್ಲ. ಹಾಗಾಗಿ ಗಸಿ ಬಂತೆಂದು ಜಾಲರಿಯನ್ನು ಬೈದು ಪ್ರಯೋಜನವಿಲ್ಲ. ಟೀ ಸೋಸುವ ಜರಡಿಯಲ್ಲಿ ಇನ್ನೊಮ್ಮೆ ಸೋಸುವವರೂ ಇದ್ದಾರೆ. ಆ ಜರಡಿಯ ಕಣ್ಣು ಪ್ರೆಸ್‌ನ ಜಾಲರಿಗಿಂತ ದೊಡ್ಡದು, ಜಾಲರಿ ದಾಟಿ ಬಂದದ್ದು ಅದರಲ್ಲಿ ನಿಲ್ಲುವುದಾದರೂ ಹೇಗೆ?

ಈ ಧೂಳು ತನ್ನಷ್ಟಕ್ಕೇ ತಳಕ್ಕೆ ಇಳಿಯುತ್ತದೆ, ಆದರೆ ನಿಧಾನವಾಗಿ. ತರಿ ಬೇಗ ಮುಳುಗಿದರೆ ಧೂಳಿಗೆ ಹಲವು ನಿಮಿಷ ಬೇಕು, ಅದೂ ನೀರು ಅಲುಗದೆ ನಿಂತಿದ್ದರೆ. 4 ನಿಮಿಷಕ್ಕೆ ಪ್ಲಂಜರ್ ಒತ್ತಿದಾಗ ಆಗುವುದೇನು ನೋಡಿ. ಜಾಲರಿ ಕೆಳಗೆ ಹೋದಂತೆ ಕೆಳಗಿದ್ದ ನೀರು ಜಾಲರಿಯ ಕಣ್ಣುಗಳ ಮೂಲಕ ರಭಸದಿಂದ ಮೇಲೆ ನುಗ್ಗುತ್ತದೆ. ಇಳಿಯುತ್ತಿದ್ದ ಧೂಳನ್ನೂ ಜೊತೆಗೆ ಹೊತ್ತು ತರುತ್ತದೆ. ತಳದಲ್ಲಿ ಕೂತ ಚರಟದ ಮೇಲೆ ಜಾಲರಿಯನ್ನು ಇನ್ನೂ ಅದುಮಿದರೆ ಅದರೊಳಗಿನ ಗಸಿಯೂ ಹಿಂಡಿಕೊಂಡು ಮೇಲೆ ಬರುತ್ತದೆ. ಆ ಕ್ಷಣದಲ್ಲೇ ಕಪ್ಪಿಗೆ ಬಗ್ಗಿಸಿದರೆ, ಪಾತ್ರೆಯ ತಳದಲ್ಲಿ ಕೂರಬೇಕಾದ್ದು ಕಪ್ಪಿನ ತಳದಲ್ಲಿ ಕೂರುತ್ತದೆ.

ಗಸಿ ಕಡಿಮೆ ಮಾಡಲು ಕೈ ಹಾಕಬಹುದಾದ ಜಾಗ ಹಾಗಾದರೆ ಮೂರು: ಪುಡಿ, ಕಾಯುವ ಹೊತ್ತು, ಬಗ್ಗಿಸುವ ರೀತಿ.

ಪುಡಿ: ಅಂಗಡಿಯಲ್ಲಿ ಏನೆಂದು ಕೇಳಬೇಕು

ಮಾಟುಂಗದ ಕಾಫಿಪುಡಿ ಅಂಗಡಿಗೆ ಹೋಗಿ ಅರ್ಧ ಕಿಲೋ ಕೊಡಿ ಎಂದರೆ ನಿಮ್ಮ ಮುಖ ನೋಡಿಯೇ ಫಿಲ್ಟರ್ ಪುಡಿ ಬೀಸಿಬಿಡುತ್ತಾರೆ. ನುಣ್ಣಗೆ ಬೀಸಿ, ಚಿಕೋರಿ ಸೇರಿಸಿ, ಘಮಘಮ ಅನ್ನುವ ಪೊಟ್ಟಣ ಕೈಗೆ ಬರುತ್ತದೆ. ಸ್ಟೀಲ್ ಫಿಲ್ಟರ್‌ಗೆ ಅದು ಸರಿ, ಪ್ರೆಸ್‌ಗೆ ಎರಡು ಕಾರಣಕ್ಕೆ ಆಗುವುದಿಲ್ಲ. ಒಂದು, ಪುಡಿಯ ನುಣುಪು. ಇನ್ನೊಂದು ಚಿಕೋರಿ. ಅದು ನೀರಿಗೆ ಬಿದ್ದರೆ ಮೆತ್ತಗಾಗುತ್ತದೆ, ಬೇಗ ಕರಗಿ ಕಾಫಿಯನ್ನು ಕಪ್ಪಗೆ, ಮಂದವಾಗಿ ಮಾಡುತ್ತದೆ. ಹತ್ತು ನಿಮಿಷ ನೆನೆಸಿದರೆ ಕಾಫಿಯ ರುಚಿಯನ್ನೇ ಮುಚ್ಚುತ್ತದೆ, ಗಸಿಗೂ ತನ್ನ ಪಾಲು ಸೇರಿಸುತ್ತದೆ.

ಅಂಗಡಿಯಲ್ಲಿ ಮಾತು ಹೀಗೆ ನಡೆದರೆ ಸಾಕು:

"ಚಿಕೋರಿ ಎಷ್ಟು ಹಾಕ್ಲಿ?"

"ಚಿಕೋರಿ ಬೇಡ ಅಣ್ಣ, ಪೂರ್ತಿ ಕಾಫಿ. ಅರೇಬಿಕಾ ಕೊಡಿ, ತುಂಬ ಕಪ್ಪಗೆ ಹುರಿದದ್ದು ಬೇಡ. ತರಿತರಿಯಾಗಿ ಬೀಸಿ, ಇಡ್ಲಿ ರವೆ ಥರ."

"ಫಿಲ್ಟರಲ್ಲಿ ಇಳಿಯಲ್ಲ ಅದು, ನೀರು ನೀರಾಗತ್ತೆ."

"ಫಿಲ್ಟರ್‌ಗಲ್ಲ, ಪ್ರೆಸ್‌ಗೆ."

ಇಡ್ಲಿ ರವೆ ಎಂದರೆ ನಮ್ಮವರಿಗೆ ಅಳತೆ ಗೊತ್ತು, ಅದಕ್ಕೇ ಹಾಗೆ ಹೇಳುವುದು. ಬೆರಳಲ್ಲಿ ಉಜ್ಜಿದರೆ ಕಾಳುಕಾಳಾಗಿ ಸಿಗಬೇಕು, ಚಿರೋಟಿ ರವೆಯ ನುಣುಪಿಗೆ ಹೋಗಬಾರದು. ಇನ್ನೊಂದು ಕಿವಿಮಾತು: ಅಂಗಡಿಯ ಯಂತ್ರದಲ್ಲಿ ಹಿಂದಿನ ಗಿರಾಕಿಯ ನುಣ್ಣನೆ ಪುಡಿ ಸ್ವಲ್ಪ ಉಳಿದಿರುತ್ತದೆ. ಮೊದಲು ಬೀಳುವ ಒಂದು ಹಿಡಿಯನ್ನು ಬೇರೆ ಪೊಟ್ಟಣಕ್ಕೆ ಹಾಕಿಸಿಕೊಳ್ಳಿ, ಅದು ಮನೆಯ ಫಿಲ್ಟರ್‌ಗೆ ಆಗುತ್ತದೆ. ಕಾಲು ಕಿಲೋಗಿಂತ ಹೆಚ್ಚು ಬೀಸಿಸಬೇಡಿ. ಮುಂಬಯಿಯ ಮಳೆಗಾಲದ ತೇವಕ್ಕೆ ಪುಡಿ ಬೇಗ ಸಪ್ಪೆಯಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸುವುದು ಒಳ್ಳೆಯದು.

ಮನೆಯಲ್ಲೇ ಬೀಸುವವರಿಗೆ ಎರಡು ಹಲ್ಲುಬಿಲ್ಲೆಗಳ ನಡುವೆ ಬೀಜ ಅರೆಯುವ, ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್ ಮೇಲು. ಮಿಕ್ಸಿ ಬೀಜವನ್ನು ಬೀಸುವುದಿಲ್ಲ, ಚಚ್ಚುತ್ತದೆ. ಅರ್ಧ ಬೀಜ ತುಂಡಾಗಿಯೇ ಉಳಿದಿರುತ್ತದೆ, ಇನ್ನರ್ಧ ಹಿಟ್ಟಾಗಿರುತ್ತದೆ. ಮಿಕ್ಸಿ ಬಿಟ್ಟು ಬೇರೆ ದಾರಿ ಇಲ್ಲವಾದರೆ ಚಿಕ್ಕ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಒಂದೊಂದು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಜಾರನ್ನು ಕುಲುಕಿ. ಆಮೇಲೆ ಮೈದಾ ಜರಡಿಯಲ್ಲಿ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ಧೂಳನ್ನು ಎಸೆಯಬೇಕಿಲ್ಲ, ಸಂಜೆಯ ಡಿಕಾಕ್ಷನ್‌ಗೆ ಸೇರಿಸಿದರಾಯಿತು. ಮೇಲೆ ಉಳಿದ ತರಿಯನ್ನು ತೂಗಿ ಪ್ರೆಸ್‌ಗೆ ಹಾಕಿ. ಜರಡಿ ಹಿಡಿದರೆ ಧೂಳೆಲ್ಲ ಹೋಗುವುದಿಲ್ಲ, ತರಿಗೆ ಅಂಟಿಕೊಂಡದ್ದು ಅಲ್ಲೇ ಉಳಿಯುತ್ತದೆ. ಆದರೂ ಮಿಕ್ಸಿ ಪುಡಿಯಲ್ಲಿ ಇದರಿಂದಾಗುವ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಒಳ್ಳೆಯ ಗ್ರೈಂಡರ್ ಇದ್ದವರು ಈ ಕಷ್ಟಕ್ಕೆ ಹೋಗಬೇಕಿಲ್ಲ, ಕಾಯುವುದೊಂದೇ ಸಾಕು.

ಹತ್ತು ನಿಮಿಷ, ಒಂದೊಂದಾಗಿ

600 ಮಿಲಿಯ ಪ್ರೆಸ್ ಇದೆ, ಇಬ್ಬರಿಗೆ ಹಾಲಿಲ್ಲದ ಕಾಫಿ ಬೇಕು ಎಂದುಕೊಳ್ಳಿ. ಪುಡಿ 30 ಗ್ರಾಂ, ನೀರು 500 ಮಿಲಿ. ಅಡುಗೆಮನೆಯ ಸಣ್ಣ ತೂಕದ ಯಂತ್ರ ಇದ್ದರೆ ಒಳ್ಳೆಯದು. ಇಲ್ಲವಾದರೆ ತರಿಪುಡಿಯ ಸಪಾಟು ಟೇಬಲ್ ಚಮಚ ಒಂದಕ್ಕೆ ಸುಮಾರು 5 ಗ್ರಾಂ ಎಂದು ಹಿಡಿದು ಆರು ಚಮಚ ಹಾಕಿ. ನೀರೆಲ್ಲ ಕಪ್ಪಿಗೆ ಬರುವುದಿಲ್ಲ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಇಲ್ಲಿ 60 ಮಿಲಿ. ತಳದಲ್ಲಿ 40 ಮಿಲಿಯಷ್ಟನ್ನು ನಾವೇ ಬಿಡುತ್ತೇವೆ. ಕೈಗೆ ಸಿಗುವುದು 400 ಮಿಲಿ, ಇಬ್ಬರಿಗೂ ಒಂದೊಂದು ದೊಡ್ಡ ಮಗ್.

ಮೊದಲು ಪ್ರೆಸ್‌ನ ಗಾಜಿನ ಪಾತ್ರೆಗೆ ಬಿಸಿನೀರು ಹಾಕಿ ಅಲ್ಲಾಡಿಸಿ ಚೆಲ್ಲಿ. ತಣ್ಣನೆಯ ಗಾಜು ಸುರಿದ ನೀರಿನ ಬಿಸಿಯನ್ನು ಮೊದಲ ಅರ್ಧ ನಿಮಿಷದಲ್ಲೇ ಎಳೆದುಕೊಳ್ಳುತ್ತದೆ, ಅದನ್ನು ತಪ್ಪಿಸಲು ಇಷ್ಟು. ಆಮೇಲೆ ಪುಡಿ ಹಾಕಿ.

ನೀರು ಎಷ್ಟು ಬಿಸಿ ಇರಬೇಕು? ಇಲ್ಲಿ ಊರಿನ ಲೆಕ್ಕ ಸ್ವಲ್ಪ ಬೇರೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿದೆ, ಅಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರನ್ನು ಹಾಗೇ ಸುರಿದರೂ ಹದ ತಪ್ಪುವುದಿಲ್ಲ. ಪುಣೆಯಲ್ಲಿ ಸುಮಾರು 98. ಮುಂಬಯಿಯಲ್ಲಿ 100 ಡಿಗ್ರಿಯೇ. ಊರಿನಲ್ಲಿ ಮಾಡಿದ ಹಾಗೆ ಇಲ್ಲಿ ಮಾಡಿದರೆ ಸ್ವಲ್ಪ ಖಾರವಾಗಿ ಬರುವುದಕ್ಕೆ ಇದೂ ಒಂದು ಕಾರಣ. ಮಧ್ಯಮ ಹುರಿತದ ಪುಡಿಗೆ ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಕಪ್ಪಗೆ ಹುರಿದದ್ದಾದರೆ ಎರಡು ನಿಮಿಷ ಬಿಡಿ. ತಿಳಿ ಹುರಿತಕ್ಕೆ ಕುದಿಯುವ ನೀರೇ ಸರಿ.

ನೀರಿನ ಜಾತಿಯ ಬಗ್ಗೆ ಒಂದೇ ಮಾತು. ನಗರಪಾಲಿಕೆಯ ಕೆರೆನೀರು ಮೆದು, ಕಾಫಿಗೆ ಹೊಂದುತ್ತದೆ. ಸೊಸೈಟಿಗೆ ಬೋರ್‌ವೆಲ್ ಟ್ಯಾಂಕರ್ ನೀರು ಬರುವ ಕಡೆ ಕಾಫಿ ಮಂಕಾಗುತ್ತದೆ. ಅಂಥಲ್ಲಿ ಫಿಲ್ಟರ್ ಮಾಡಿದ ನೀರು ಬಳಸಿ.

ಗಡಿಯಾರ ನೋಡಿಕೊಂಡು ಎಲ್ಲ ನೀರನ್ನೂ ಒಂದೇ ಸಲ ಸುರಿಯಿರಿ, ಆದರೆ ಪುಡಿಯೆಲ್ಲ ನೆನೆಯುವಂತೆ ಸುತ್ತಾಡಿಸಿ. ಒಣ ಪುಡಿಯ ಗುಡ್ಡೆ ಒಂದು ಮೂಲೆಯಲ್ಲಿ ಉಳಿಯಬಾರದು. ಹೊಸದಾಗಿ ಹುರಿದ ಪುಡಿಯಾದರೆ ಒಳಗಿನ ಗಾಳಿ ಹೊರಬಂದು ಮೇಲೆ ದಪ್ಪನೆ ಕೆನೆಗಟ್ಟುತ್ತದೆ. ಮುಚ್ಚಳವನ್ನು ಪ್ಲಂಜರ್ ಮೇಲೆತ್ತಿದ ಸ್ಥಿತಿಯಲ್ಲೇ ಇಟ್ಟು ಮುಚ್ಚಿ, ಬಿಸಿ ಹಿಡಿದಿಡಲು ಅಷ್ಟೇ. ಪ್ರೆಸ್‌ನ ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಜಾಗ ಬದಲಾಯಿಸಿ.

4 ನಿಮಿಷಕ್ಕೆ ಮುಚ್ಚಳ ತೆಗೆಯಿರಿ. ಮೇಲೆ ಪುಡಿಯ ಗಟ್ಟಿ ಪದರ ತೇಲುತ್ತಿರುತ್ತದೆ. ದೊಡ್ಡ ಚಮಚದ ಬೆನ್ನಿನಿಂದ ಅದನ್ನು ಮೆಲ್ಲಗೆ ಎರಡು ಮೂರು ಸಲ ಆಚೆ ತಳ್ಳಿ. ಪದರ ಒಡೆದ ಕೂಡಲೇ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬಿಟ್ಟುಕೊಂಡು ತರಿಯೆಲ್ಲ ಸರಸರನೆ ಮುಳುಗುತ್ತದೆ. ಗಾಜಿನ ಪಕ್ಕದಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ: ಕಂದು ತರಿ ಕೆಳಗೆ ಸುರಿಯುತ್ತಿರುತ್ತದೆ, ಮೇಲೆ ಬಿಳಿಚಿದ ನೊರೆ ಉಳಿಯುತ್ತದೆ. ತಳದವರೆಗೆ ಚಮಚ ಇಳಿಸಿ ಕದಡಬೇಡಿ, ಮೇಲಷ್ಟೇ. ಈಗ ಎರಡು ಚಮಚ ತೆಗೆದುಕೊಂಡು ನೊರೆಯನ್ನೂ ಅದರಲ್ಲಿ ತೇಲುವ ಪುಡಿಯನ್ನೂ ತೆಗೆದುಹಾಕಿ. ಈ ನೊರೆ ಸ್ವಲ್ಪ ಕಹಿ, ಮುಳುಗದ ಪುಡಿಯ ದೊಡ್ಡ ಪಾಲೂ ಅದರಲ್ಲೇ ಇರುತ್ತದೆ. ಅರ್ಧ ನಿಮಿಷದ ಕೆಲಸ.

ಮತ್ತೆ ಮುಚ್ಚಿ ಇನ್ನೂ 5 ರಿಂದ 6 ನಿಮಿಷ ಬಿಡಿ. ಈ ಹೊತ್ತಿನಲ್ಲಿ ಪ್ರೆಸ್ಸನ್ನು ಮುಟ್ಟಬಾರದು, ಎತ್ತಿ ಬೇರೆಡೆ ಇಡುವುದೂ ಬೇಡ. ಧೂಳು ಇಳಿಯುವುದು ಈಗ. ತಿಂಡಿಯ ತಟ್ಟೆ ಜೋಡಿಸಿಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಸಮಯ.

ಹತ್ತನೇ ನಿಮಿಷಕ್ಕೆ ಪ್ಲಂಜರನ್ನು ಕಾಫಿಯ ಮೇಲ್ಮೈಗೆ ಜಾಲರಿ ತಾಗಿ ಒಂದು ಬೆರಳಿನಷ್ಟು ಒಳಗೆ ಹೋಗುವವರೆಗೆ ಮಾತ್ರ ಇಳಿಸಿ. ಅಲ್ಲೇ ನಿಲ್ಲಿಸಿ. ಇನ್ನೂ ತೇಲುವ ತುಣುಕೊಂದು ಇದ್ದರೆ ಅದನ್ನು ತಡೆಯುವುದಷ್ಟೇ ಜಾಲರಿಯ ಕೆಲಸ. ಪಾತ್ರೆಯನ್ನು ಮೆಲ್ಲಗೆ ಬಗ್ಗಿಸಿ, ಸಣ್ಣ ಧಾರೆಯಲ್ಲಿ ಸುರಿಯಿರಿ. ಎರಡು ಕಪ್ಪಿಗೆ ಹಾಕುವಾಗ ನಡುವೆ ಪ್ರೆಸ್ಸನ್ನು ನೆಟ್ಟಗೆ ನಿಲ್ಲಿಸಬೇಡಿ. ಒಮ್ಮೆ ಬಗ್ಗಿಸಿದ್ದನ್ನು ಹಿಂದಕ್ಕೆ ತಂದರೆ ತಳದ ಗಸಿ ತೊಳಸಿ ಮೇಲೇಳುತ್ತದೆ. ಕಪ್ಪುಗಳನ್ನು ಒತ್ತೊತ್ತಾಗಿ ಇಟ್ಟು ಒಂದರಿಂದ ಇನ್ನೊಂದಕ್ಕೆ ಧಾರೆ ಸರಿಸಿದರೆ ಸಾಕು. ಧಾರೆಯ ಬಣ್ಣ ಮಬ್ಬಾಗಲು ಶುರುವಾದಾಗ ನಿಲ್ಲಿಸಿ. ಉಳಿದ ಆ ಎರಡು ಮೂರು ಗುಟುಕಿನ ಮೇಲೆ ಆಸೆ ಬೇಡ, ಗಸಿಯೆಲ್ಲ ಅಲ್ಲೇ ಇರುವುದು.

ಅಷ್ಟು ಹೊತ್ತು ಬಿಟ್ಟರೆ ಕಹಿಯಾಗುವುದಿಲ್ಲವೇ?

ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ನೀರು ಪುಡಿಯ ಮೂಲಕ ಇಳಿದುಹೋಗುತ್ತಿರುತ್ತದೆ, ಪುಡಿಗೆ ಮತ್ತೆ ಮತ್ತೆ ಹೊಸ ನೀರು ಸಿಗುತ್ತದೆ. ಪ್ರೆಸ್‌ನಲ್ಲಿ ಅದೇ ನೀರು ಕೊನೆಯವರೆಗೂ. ಮೊದಲ ಒಂದೆರಡು ನಿಮಿಷದಲ್ಲಿ ಪುಡಿಯ ರಸ ಬೇಗ ಬೇಗ ಇಳಿಯುತ್ತದೆ. ನೀರು ಗಟ್ಟಿಯಾದಂತೆ ಅದಕ್ಕೆ ಇನ್ನಷ್ಟು ಎಳೆಯುವ ಶಕ್ತಿ ಕುಗ್ಗುತ್ತದೆ, ಜೊತೆಗೆ ನೀರು ಆರುತ್ತಲೂ ಇರುತ್ತದೆ. ಹುರಿದ ಕಾಫಿಯ ತೂಕದಲ್ಲಿ ನೀರಿಗೆ ಕರಗಬಹುದಾದ್ದು ಹೆಚ್ಚೆಂದರೆ ನೂರಕ್ಕೆ 30ರ ಆಸುಪಾಸು. ಅದರಲ್ಲಿ 18ರಿಂದ 22ರಷ್ಟು ಇಳಿದರೆ ರುಚಿ ಹದವಾಗಿರುತ್ತದೆ ಎಂಬುದು ಕಾಫಿಯವರ ಲೆಕ್ಕ. ತರಿಪುಡಿ ಈ ಹದಕ್ಕೆ ಬರಲು 4 ನಿಮಿಷ ಬಹಳ ಸಲ ಸಾಲುವುದಿಲ್ಲ, ಅದನ್ನು ದಾಟಿ ಕೆಡಲು 10 ನಿಮಿಷವೂ ಸುಲಭಕ್ಕೆ ಸಾಲುವುದಿಲ್ಲ. ಕಾಫಿ ಬೀಜದ ಗುಣಮಟ್ಟ ನೋಡುವವರು ಕಪ್ಪಿಂಗ್ ಮಾಡುವಾಗಲೂ ಪುಡಿಯ ಮೇಲೆ ಬಿಸಿನೀರು ಸುರಿದು, 4 ನಿಮಿಷದ ಹೊತ್ತಿಗೆ ಪದರ ಒಡೆದು, ಪುಡಿಯನ್ನು ತೆಗೆಯದೆ ಅದು ಆರುವವರೆಗೂ ಚಮಚದಲ್ಲಿ ಸವಿಯುತ್ತಾ ಹೋಗುತ್ತಾರೆ.

ಕಹಿಯಾಗುವುದು ಬೇರೆ ಕಾರಣಗಳಿಗೆ. ಪುಡಿ ನುಣ್ಣಗಿದ್ದರೆ, ಹುರಿತ ಕಪ್ಪಾಗಿದ್ದು ನೀರು ಕುದಿಯುತ್ತಿದ್ದರೆ, ಅಥವಾ ಗಸಿಯೇ ಕಪ್ಪಿಗೆ ಬಂದಿದ್ದರೆ. ಕಪ್ಪಿಗೆ ಬಂದ ಧೂಳು ಅಲ್ಲೂ ರಸ ಬಿಡುತ್ತಲೇ ಇರುತ್ತದೆ. 4 ನಿಮಿಷಕ್ಕೆ ಒತ್ತಿ ಬಗ್ಗಿಸಿದ ಕಾಫಿ, 10 ನಿಮಿಷ ಕಾದು ತಿಳಿಯಾಗಿ ಬಗ್ಗಿಸಿದ್ದಕ್ಕಿಂತ ಒಗರಾಗಿರುವುದು ಹಾಗಾಗಿಯೇ ಇರಬಹುದು.

ಆದರೆ ನಿಮ್ಮ ಪುಡಿಗೆ 8 ನಿಮಿಷ ಸರಿಯೋ 12 ಸರಿಯೋ ಎಂಬುದನ್ನು ನಾನು ಹೇಳಲಾಗದು, ನಿಮ್ಮ ನಾಲಿಗೆಯೇ ಹೇಳಬೇಕು. ಅದಕ್ಕೆ ಒಂದೇ ಪ್ರೆಸ್ಸಿನಲ್ಲಿ ಮುಗಿಯುವ ಪರೀಕ್ಷೆ ಇದೆ. ಚಿಕ್ಕ ಸ್ಟೀಲ್ ಲೋಟ ನಾಲ್ಕು ಸಾಲಾಗಿ ಇಡಿ. 4ನೇ ನಿಮಿಷಕ್ಕೆ ಪದರ ಒಡೆದು ನೊರೆ ತೆಗೆದ ಮೇಲೆ ಮೇಲಿನಿಂದ ಎರಡು ಚಮಚ ಕಾಫಿ ಮೊದಲ ಲೋಟಕ್ಕೆ ಹಾಕಿ. ಹಾಗೇ 7, 10, 13ನೇ ನಿಮಿಷಕ್ಕೆ ಉಳಿದವಕ್ಕೆ. ತಳ ಕದಡದಂತೆ ಚಮಚ ಮೇಲಷ್ಟೇ ಅದ್ದಿ. ನಾಲ್ಕೂ ಉಗುರುಬೆಚ್ಚಗಾಗುವವರೆಗೆ ಬಿಟ್ಟು ಆಮೇಲೆ ಒಂದರ ಹಿಂದೊಂದು ರುಚಿ ನೋಡಿ. ಸುಡುವ ಕಾಫಿಯಲ್ಲಿ ಹುಳಿ, ಕಹಿ ಎರಡೂ ಸರಿಯಾಗಿ ಗೊತ್ತಾಗುವುದಿಲ್ಲ, ಆರಿದ ಮೇಲೆ ಮುಚ್ಚುಮರೆ ಇಲ್ಲ.

ಮೊದಲ ಲೋಟ ತೆಳ್ಳಗೆ, ನಾಲಿಗೆಯ ಅಂಚಿಗೆ ಚುರುಕ್ಕೆನ್ನುವ ಹುಳಿಯಾಗಿ, ನುಂಗಿದ ಕೂಡಲೇ ರುಚಿ ಮಾಯವಾಗುವಂತಿದ್ದರೆ ರಸ ಇನ್ನೂ ಇಳಿದಿಲ್ಲ. ಮುಂದಿನದರಲ್ಲಿ ಹುಳಿ ಮೆತ್ತಗಾಗಿ ಸಿಹಿಯ ಎಳೆಯೊಂದು ಬಂದಿರುತ್ತದೆ. ಬಾಯಿ ಒಣಗಿಸುವ ಒಗರು ಯಾವ ಲೋಟದಲ್ಲಿ ಕಾಣಿಸಿಕೊಂಡಿತೋ ಅದರ ಹಿಂದಿನದು ನಿಮ್ಮ ಹೊತ್ತು. ಕೊನೆಯ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗದಿದ್ದರೆ ಆಶ್ಚರ್ಯವಿಲ್ಲ, ಮಧ್ಯಮ ಹುರಿತದ ತರಿಪುಡಿಯಲ್ಲಿ ಸಾಮಾನ್ಯವಾಗಿ ಹಾಗೇ ಆಗುತ್ತದೆ. ಆಗ 10ಕ್ಕೇ ನಿಲ್ಲಿಸಿ, ಸುಮ್ಮನೆ ಆರಿಸುವುದರಲ್ಲಿ ಲಾಭವಿಲ್ಲ. 7ನೇ ನಿಮಿಷದ್ದೇ ಒಗರಾಗಿದ್ದರೆ ಹೊತ್ತನ್ನು ಕಡಿಮೆ ಮಾಡುವ ಮೊದಲು ಪುಡಿಯನ್ನು ಇನ್ನೂ ತರಿಯಾಗಿಸಿ ಅಥವಾ ನೀರಿನ ಬಿಸಿ ಇಳಿಸಿ. ಹೊತ್ತು ಕಡಿಮೆ ಮಾಡಿದರೆ ಗಸಿ ಮತ್ತೆ ವಾಪಸ್. 13ನೇ ನಿಮಿಷಕ್ಕೂ ತೆಳ್ಳಗೆ, ಹುಳಿಯಾಗಿಯೇ ಇದ್ದರೆ ಪುಡಿ ತೀರಾ ದಪ್ಪ, ಒಂದು ಹಂತ ನುಣ್ಣಗೆ ಬೀಸಿ.

ಹುಳಿ ಬೇರೆ, ತೆಳು ಬೇರೆ ಎಂಬುದನ್ನು ಮಾತ್ರ ಮರೆಯಬೇಡಿ. ರುಚಿ ಹದವಾಗಿದ್ದು ಬರೀ ತೆಳ್ಳಗೆ ಅನಿಸಿದರೆ ಹೊತ್ತನ್ನು ಮುಟ್ಟಬೇಡಿ, ಪುಡಿ ಜಾಸ್ತಿ ಹಾಕಿ.

ಡೊಂಬಿವಲಿಯ ಅಕ್ಕನ ಮನೆ, ಭಾವನ ಹಾಲಿನ ಕಾಫಿ

ಡೊಂಬಿವಲಿಯಲ್ಲಿರುವ ಅಕ್ಕ ಫೋನಿನಲ್ಲಿ ಹೇಳಿದ್ದು: "ಕಾಲಿಂಚು ಗಸಿ ಕೂತಿರುತ್ತೆ ಕಣೋ ತಳದಲ್ಲಿ. ನಿಮ್ಮ ಭಾವ ಅಂತೂ, ಇದಕ್ಕಿಂತ ನಮ್ಮ ಫಿಲ್ಟರ್ರೇ ವಾಸಿ ಅಂತಾರೆ." ಅವಳು ಹಾಕುತ್ತಿದ್ದದ್ದು ಮನೆಯಲ್ಲಿದ್ದ ಫಿಲ್ಟರ್ ಪುಡಿ, ಚಿಕೋರಿ ಸೇರಿದ್ದು. ಪ್ಲಂಜರ್ ಇಳಿಯದೆ ಎರಡೂ ಕೈ ಹಾಕಿ ಒತ್ತಬೇಕಾಗುತ್ತಿತ್ತಂತೆ. ಇದು ಅಪಾಯ. ಪ್ಲಂಜರ್ ಬಿಗಿಯಾಗಿ ನಿಂತಿತೆಂದರೆ ಪುಡಿ ನುಣ್ಣಗಿದೆ ಎಂದೇ ಅರ್ಥ. ಬಲ ಹಾಕಿದರೆ ಬಿಸಿ ಕಾಫಿ ಮೂತಿಯಿಂದ ಚಿಮ್ಮುತ್ತದೆ, ಗಾಜೂ ಒಡೆಯಬಹುದು. ಅಂಥ ಹೊತ್ತಿನಲ್ಲಿ ಪ್ಲಂಜರನ್ನು ಒಂದಿಷ್ಟು ಮೇಲೆತ್ತಿ, ಒಂದು ನಿಮಿಷ ಬಿಟ್ಟು, ಒತ್ತದೆಯೇ ಬಗ್ಗಿಸಿಕೊಳ್ಳಬೇಕು.

ಒಂದೇ ಸಲ ಎಲ್ಲ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಪುಡಿ ಮಾತ್ರ ಬದಲಾಯಿಸಿದೆವು, ಮಾಟುಂಗದಿಂದ ಚಿಕೋರಿ ಇಲ್ಲದ ತರಿಪುಡಿ. 4 ನಿಮಿಷ, ತಳದವರೆಗೆ ಒತ್ತುವುದು ಹಾಗೇ. ಪ್ಲಂಜರ್ ಸಲೀಸಾಗಿ ಇಳಿಯಿತು, ಗಸಿ ಅರ್ಧಕ್ಕರ್ಧ ಇಳಿಯಿತು, ಆದರೆ ಕಾಫಿ ನೀರುನೀರು, ಹುಳಿ. ಆಮೇಲೆ ಹೊತ್ತನ್ನು 10ಕ್ಕೆ ಏರಿಸಿ ಒತ್ತುವುದನ್ನು ನಿಲ್ಲಿಸಿದೆವು. ಹುಳಿ ಹೋಯಿತು, ಕಪ್ಪಿನ ತಳದಲ್ಲಿ ತೆಳ್ಳನೆಯ ಒಂದು ಪದರ ಬಿಟ್ಟರೆ ಏನೂ ಇಲ್ಲ. ಅಕ್ಕನಿಗೆ ಸಮಾಧಾನ. ಭಾವನದು ಮಾತ್ರ ಒಂದೇ ಪ್ರಶ್ನೆ: "ಹಾಲು ಹಾಕಿದ್ರೆ ತಣ್ಣಗಾಗತ್ತಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಹತ್ತು ನಿಮಿಷ ಕಾದ ಕಾಫಿ ಹಾಗೇ ಕುಡಿಯಲು ಹಿತವಾದ ಬಿಸಿಯಲ್ಲಿರುತ್ತದೆ, ಹಾಲು ಬಿದ್ದರೆ ಆರಿಹೋಗುತ್ತದೆ. 30 ಗ್ರಾಂ ಲೆಕ್ಕದ ಕಾಫಿಗೆ ಹಾಲು ಹಾಕಿದರೆ ರುಚಿಯೂ ನಿಲ್ಲುವುದಿಲ್ಲ. ಭಾವನಿಗಾಗಿ ಅಳತೆ ಬದಲಾಯಿತು: ಪುಡಿ 40 ಗ್ರಾಂ, ನೀರು 400 ಮಿಲಿ. ಪುಡಿ 80 ಮಿಲಿ ಹೀರುತ್ತದೆ, ತಳದಲ್ಲಿ 40 ಬಿಟ್ಟರೆ ಸಿಗುವುದು 280 ಮಿಲಿ ಗಟ್ಟಿ ಕಾಫಿ. ಅದಕ್ಕೆ ಕುದಿ ಬಂದ ಗಟ್ಟಿ ಹಾಲು 140 ಮಿಲಿ ಸೇರಿಸಿದರೆ ಮೂರು ಸಣ್ಣ ಲೋಟ. ಪ್ರೆಸ್ಸನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿಡಿ, ಲೋಟಗಳನ್ನು ಬಿಸಿನೀರಲ್ಲಿ ಅದ್ದಿ ತೆಗೆಯಿರಿ, ಹಾಲನ್ನು ಒಲೆಯಿಂದ ನೇರವಾಗಿ ಸುರಿಯಿರಿ. ಕಾಫಿಯನ್ನೇ ಮತ್ತೆ ಒಲೆಗಿಟ್ಟು ಕಾಯಿಸಬೇಡಿ, ಕಹಿ ಅಲ್ಲಿ ನಿಜವಾಗಿಯೂ ಬರುತ್ತದೆ. ಇಷ್ಟು ಮಾಡಿದರೂ ಡಿಕಾಕ್ಷನ್ ಕಾಫಿಯ ಗಟ್ಟಿತನ ಇದಕ್ಕೆ ಬರುವುದಿಲ್ಲ. ಅದೇ ಬೇಕೆಂದರೆ ಭಾವನ ಮಾತೇ ಸರಿ, ಫಿಲ್ಟರ್ ಇಡಿ.

ಇನ್ನೂ ಗಸಿ ಬರುತ್ತಿದ್ದರೆ

ಕಪ್ಪಿನಲ್ಲಿ ಸಿಕ್ಕಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಹಿಟ್ಟಿನಂತಿದ್ದರೆ ಅದು ಧೂಳು, ಮದ್ದು ಪುಡಿಯಲ್ಲಿ ಅಥವಾ ಇನ್ನೆರಡು ನಿಮಿಷ ಕಾಯುವುದರಲ್ಲಿದೆ. ಹಲ್ಲಿಗೆ ಸಿಗುವ ತರಿಯಾದರೆ ಮಾತ್ರ ಜಾಲರಿಯ ತಪ್ಪು. ಜಾಲರಿಯ ಅಂಚು ಗಾಜಿಗೆ ಸುತ್ತಲೂ ತಾಗಿಕೊಂಡಿದೆಯೇ, ಎಲ್ಲಾದರೂ ಮಡಿಚಿಕೊಂಡಿದೆಯೇ ನೋಡಿ. ತೊಳೆದು ಜೋಡಿಸುವಾಗ ಬಿಲ್ಲೆಗಳ ಕ್ರಮ ತಪ್ಪಿರುವುದೂ ಉಂಟು. ಮೇಲೆ ಅಂಚಿಗೆ ಸ್ಪ್ರಿಂಗ್ ಸುತ್ತಿದ ಬಿಲ್ಲೆ, ನಡುವೆ ಜಾಲರಿ, ಕೆಳಗೆ ಕಿಂಡಿಗಳಿರುವ ಬಿಲ್ಲೆ, ಮೂರನ್ನೂ ಕಡ್ಡಿಗೆ ಬಿಗಿಯಾಗಿ ತಿರುಗಿಸಿರಬೇಕು. ಹೆಚ್ಚಿನ ಪ್ರೆಸ್‌ಗಳು ಹೀಗೇ ಇರುತ್ತವೆ. ಅಂಚು ಹರಿದಿದ್ದರೆ ಅಳತೆಗೆ ಸರಿಯಾದ ಜಾಲರಿ ಬಿಡಿಯಾಗಿ ಸಿಗುತ್ತದೆ, ಪ್ರೆಸ್ಸೇ ಹೊಸತು ಕೊಳ್ಳಬೇಕಿಲ್ಲ.

ಒಂದಿಷ್ಟೂ ಗಸಿ ಸಹಿಸದವರು ಬಗ್ಗಿಸಿದ ಕಾಫಿಯನ್ನು ಪೇಪರ್ ಫಿಲ್ಟರ್‌ನಲ್ಲಿ ಸೋಸಬಹುದು. ಕಾಯದೆ ಒತ್ತಿದ ಕಾಫಿಯನ್ನು ಸೋಸಿದರೆ ಪೇಪರ್ ಕಟ್ಟಿಕೊಂಡು ಹನಿಹನಿಯಾಗುತ್ತದೆ, ಹತ್ತು ನಿಮಿಷ ಕಾದದ್ದು ಬೇಗ ಇಳಿಯುತ್ತದೆ. ಪೇಪರ್ ಕಾಫಿಯ ಎಣ್ಣೆಯನ್ನೂ ಹಿಡಿದಿಡುವುದರಿಂದ ಪ್ರೆಸ್ ಕಾಫಿಯ ಮಂದ ಹೋಗಿ ಹಗುರವಾಗುತ್ತದೆ. ನನಗೆ ಅದು ಇಷ್ಟವಿಲ್ಲ. ಆದರೆ ಆ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಜಾಲರಿ ಅದನ್ನು ತಡೆಯುವುದಿಲ್ಲ, ಪೇಪರ್ ಬಹುಪಾಲು ತಡೆಯುತ್ತದೆ. ಕೊಲೆಸ್ಟ್ರಾಲ್ ಇರುವವರು ದಿನಕ್ಕೆ ನಾಲ್ಕಾರು ಕಪ್ ಪ್ರೆಸ್ ಕಾಫಿ ಕುಡಿಯುವುದಾದರೆ ಪೇಪರ್‌ನಲ್ಲಿ ಸೋಸಿಯೇ ಕುಡಿಯುವುದು ಮೇಲು.

ಕುಡಿದಾದ ಮೇಲೆ ಚರಟವನ್ನು ಸಿಂಕಿಗೆ ಸುರಿಯಬೇಡಿ. ಫ್ಲ್ಯಾಟಿನ ಪೈಪಿನಲ್ಲಿ ಅದು ಎಣ್ಣೆಜಿಡ್ಡಿನ ಜೊತೆ ಸೇರಿ ಕಟ್ಟಿಕೊಳ್ಳುತ್ತದೆ. ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ ಟೀ ಜರಡಿಗೆ ಬಗ್ಗಿಸಿ (ಅದಕ್ಕೆ ಇಲ್ಲಿ ಕೆಲಸವಿದೆ), ಉಳಿದದ್ದನ್ನು ಹಸಿ ಕಸಕ್ಕೆ ಹಾಕಿ. ಜಾಲರಿಯನ್ನು ದಿನವೂ ತೊಳೆಯಿರಿ, ವಾರಕ್ಕೊಮ್ಮೆ ಬಿಲ್ಲೆಗಳನ್ನು ಬಿಚ್ಚಿ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ನೆನೆಸಿ ಉಜ್ಜಿ. ಮಡಿಕೆಗಳಲ್ಲಿ ಉಳಿದ ಎಣ್ಣೆ ಮಳೆಗಾಲದಲ್ಲಿ ಬೇಗ ಕಮಟುತ್ತದೆ. ಹೊಸ ಪುಡಿ ತಂದರೂ ಕಾಫಿಗೆ ಹಳೆಯ ಕಡಲೆಬೀಜದ ವಾಸನೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಅಲ್ಲಿ.